ಗುರುವಾರದ ಭೇಟಿ ಶುಕ್ರವಾರಕ್ಕೆ

ಶಾರ್ಲೆಟ್ ಕಾರ್ಕಳದ ಹೊರವಲಯದ ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಕಾರ್ಮಿಕರ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಜನವರಿಯಲ್ಲಿ ಕೊಪ್ಪಳದಿಂದ ಬಂದ ಕಾರ್ಮಿಕ ಹನುಮಪ್ಪನ ಎರಡು ಬೆರಳುಗಳು ಯಂತ್ರಕ್ಕೆ ಸಿಕ್ಕಿ ತುಂಡಾದವು. ಯಂತ್ರಗಳಿಗೆಲ್ಲ ರಕ್ಷಣಾ ಕವಚ ಹಾಕಿಸಬೇಕೆಂದು ಅಂದಿನಿಂದ ಅವಳು ಹಿಂದೆ ಬಿದ್ದಿದ್ದಳು. ಮೂರು ತಿಂಗಳ ಮೇಲೆ ಮಣಿಪಾಲದ ಮುಖ್ಯ ಕಚೇರಿಯ ಹಿರಿಯ ಮ್ಯಾನೇಜರ್ ಇಮ್ಯಾನುಯೆಲ್ ಸಮಯ ಕೊಟ್ಟರು: ಗುರುವಾರ ಹನ್ನೊಂದಕ್ಕೆ ತಾವೇ ಕಾರ್ಕಳಕ್ಕೆ ಬರುತ್ತಾರೆ.

ಮಂಗಳವಾರ ಮಧ್ಯಾಹ್ನ ಹನುಮಪ್ಪ ಒಂದು ಕಾಗದ ಹಿಡಿದು ಬಂದ. ಅವನ ಅಂಗವೈಕಲ್ಯ ಎಷ್ಟೆಂದು ನಿರ್ಧರಿಸುವ ವೈದ್ಯರ ಮಂಡಳಿ ಉಡುಪಿಯ ಆಸ್ಪತ್ರೆಯಲ್ಲಿ ಸೇರುವುದು ಅದೇ ಗುರುವಾರ, ಹತ್ತು ಗಂಟೆಗೆ.

"ನನಗ ಓದಾಕ ಬರಂಗಿಲ್ರಿ ಮೇಡಂ. ಅವರು ಏನ್ ಕೇಳ್ತಾರೋ ಏನೋ, ನೀವೂ ಬರ್ರಿ" ಎಂದ.

ಅಪಘಾತದ ದಾಖಲೆಗಳೆಲ್ಲ ಅವಳ ಬಳಿಯೇ ಇದ್ದವು. ಅವನೊಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ.

"ಜ್ವರ ಉಂಟು ಅಂತ ಒಂದು ಮೆಸೇಜ್ ಹಾಕಿಬಿಡು ಮಾರಾಯ್ತಿ" ಎಂದ ಪಕ್ಕದ ಮೇಜಿನ ಕ್ಲಾಯ್ಡ್.

ಅವಳು ಇಮ್ಯಾನುಯೆಲ್‌ಗೆ ಮೆಸೇಜ್ ಬರೆದಳು, ಸುಳ್ಳಿಲ್ಲದೆ: 'ಗುರುವಾರ ಬೇರೆ ತುರ್ತು ಕೆಲಸವಿದೆ, ಇನ್ನೊಂದು ದಿನ ಭೇಟಿಯಾಗಬಹುದೇ?' ಓದಿದಾಗ ನಾಚಿಕೆಯಾಯಿತು. ಅವರ ಭೇಟಿ ತುರ್ತಿನದಲ್ಲ ಎಂದು ತಾನೇ ಹೇಳಿದಂತಿತ್ತು. ಇನ್ನೊಂದು ದಿನ ಯಾವುದೆಂದು ಹುಡುಕುವ ಕೆಲಸವೂ ಅವರ ತಲೆಗೇ. ಅಳಿಸಿ ಫೋನ್ ಮಾಡಿದಳು.

"ಸರ್, ಎರಡು ನಿಮಿಷ ಮಾತಾಡಬಹುದಾ? ನೀವು ನಮಗೋಸ್ಕರ ಗುರುವಾರ ಬೆಳಿಗ್ಗೆ ಬಿಡುವು ಮಾಡಿಕೊಂಡಿದ್ದೀರಿ, ಗೊತ್ತುಂಟು. ಹನುಮಪ್ಪನನ್ನು ವೈದ್ಯರ ಮಂಡಳಿ ಅದೇ ಹೊತ್ತಿಗೆ ಕರೆದಿದೆ. ಕಾಗದ ಈಗಷ್ಟೇ ಬಂತು. ನಾನು ಜೊತೆಗೆ ಹೋಗಬೇಕು. ಕ್ಷಮಿಸಿ ಸರ್. ನೀವು ಬರುವುದು ಬೇಡ, ನಾನೇ ಮಣಿಪಾಲಕ್ಕೆ ಬರುತ್ತೇನೆ. ಶುಕ್ರವಾರ ಬೆಳಿಗ್ಗೆ ಅಥವಾ ಸೋಮವಾರ ಮಧ್ಯಾಹ್ನ, ಯಾವುದು ನಿಮಗೆ ಅನುಕೂಲ? ಯಂತ್ರಗಳ ವಿವರ ನಾಳೆಯೇ ಕಳಿಸುತ್ತೇನೆ."

ಅವಳು ವಿವರಣೆ ಬೆಳೆಸದೆ ಕಾದಳು.

"ಗುರುವಾರಕ್ಕೆ ಅಂತ ನಾನು ಬೇರೆಯವರ ಭೇಟಿ ಮುಂದೂಡಿದ್ದೆ" ಎಂದರು ಇಮ್ಯಾನುಯೆಲ್.

"ಹೌದು ಸರ್. ನಿಮಗೆ ತೊಂದರೆಯಾಯಿತು."

"ಶುಕ್ರವಾರ ಎಂಟೂವರೆಗೆ ಬನ್ನಿ. ಒಂಬತ್ತೂಕಾಲಕ್ಕೆ ನಾನು ಹೊರಡಬೇಕು."

ಹೊಸ ದಿನ, ಸಮಯ, ಜಾಗ ಬರೆದು ಅವಳು ಅಂದೇ ಇಮೇಲ್ ಕಳಿಸಿದಳು. ಬುಧವಾರ ವಿವರಗಳು ಹೋದವು. ಗುರುವಾರ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎರಡಾಯಿತು. ಕೇಳಿದ ದಾಖಲೆಗಳನ್ನೆಲ್ಲ ಅವಳು ಒಂದೊಂದಾಗಿ ತೆಗೆದುಕೊಟ್ಟಳು.

ಶುಕ್ರವಾರ ಎಂಟಕ್ಕೇ ಮಣಿಪಾಲದ ಕಚೇರಿ ತಲುಪಿದಳು. ಇಮ್ಯಾನುಯೆಲ್ ಅವಳ ಹಾಳೆಗಳನ್ನು ಓದಿ ಗುರುತು ಹಾಕಿಟ್ಟಿದ್ದರು.

"ಆ ಮನುಷ್ಯನದ್ದು ಎಂತಾಯಿತು?" ಎಂದು ಮೊದಲು ಕೇಳಿದರು.

"ಪರೀಕ್ಷೆ ಮುಗಿಯಿತು ಸರ್. ಸರ್ಟಿಫಿಕೇಟ್ ಬರಲಿಕ್ಕೆ ಎರಡು ವಾರ ಉಂಟಂತೆ."

ಅವರು ತಲೆಯಾಡಿಸಿ ವಿಷಯಕ್ಕೆ ಬಂದರು. ಆರು ಯಂತ್ರಗಳಲ್ಲಿ ನಾಲ್ಕಕ್ಕೆ ಕೂಡಲೇ ಕವಚ ಹಾಕಿಸಲು ಒಪ್ಪಿದರು. ಉಳಿದ ಎರಡು ಹಳೆಯ ಯಂತ್ರಗಳನ್ನು ಕವಚ ಬರುವವರೆಗೆ ನಿಲ್ಲಿಸಬೇಕೆಂದು ಅವಳು ಹಟ ಹಿಡಿದಳು. ಒಂಬತ್ತೂಕಾಲು ದಾಟಿತು. ಅವರು ಗಡಿಯಾರ ನೋಡಿದರು, ಚಾಲಕನಿಗೆ ಸ್ವಲ್ಪ ಕಾಯಲು ಹೇಳಿ, ಅದಕ್ಕೂ ಸಹಿ ಹಾಕಿದರು.