ಪೋಸ್ಟಿನ ಕೊನೆಯ ಸಾಲಿನ ನಂಬರು

ಜೇವರ್ಗಿಯ ನಮ್ಮ ಅಂಗಡಿಯಿಂದ ಒಣ ಮೆಣಸಿನಕಾಯಿ ಹೊರದೇಶಕ್ಕೆ ಹೋಗಬೇಕು ಎಂಬ ಹುಚ್ಚು ಹತ್ತಿದ್ದು ನನಗೆ, ಅಪ್ಪನಿಗಲ್ಲ. ರಫ್ತಿನ ಪರವಾನಗಿಗೆ ಅರ್ಜಿ ಹಾಕಿದವಳು ನಾನು. ಪಕ್ಕದ ಕೊಳಕೂರಿನ ರೈತರ ಮಾಲಿನ ಸ್ಯಾಂಪಲ್ಲನ್ನು ಪರೀಕ್ಷೆಗೆ ಕಳಿಸಿ, ವರದಿ ತರಿಸಿದವಳೂ ನಾನೇ. ಅಪ್ಪ ಗಾದಿಯ ಮೇಲೆ ಕುಳಿತು ನೋಡುತ್ತಿದ್ದರು. ಒಂದು ದಿನ ಅವರಾಗಿಯೇ ಹೇಳಿದರು, “ಅವ್ವಾ, ನಿನ್ನ ಫೋನಿನ್ಯಾಗಿಂದ ಹೊರದೇಶದ್ದು ಒಂದs ಒಂದು ಆರ್ಡರ್ ಬರಲಿ. ಆ ಕೆಲಸ ನಿನಗs ಬಿಡ್ತೇನಿ. ಅಂಗಡ್ಯಾಗ ನಿನಗೂ ಒಂದು ಮೇಜು ಹಾಕಸ್ತೇನಿ.”

ಮೇಜು! ಕೇಳಿ ನಗಬೇಡಿ. ಹುಟ್ಟಿದಾಗಿನಿಂದ ಆ ಅಂಗಡಿಗೆ ಬುತ್ತಿ ಒಯ್ದವಳಿಗೆ ಅಲ್ಲಿ ಕೂರುವ ಜಾಗ ಎಂದರೆ ಏನೆಂದು ನನಗೇ ಗೊತ್ತು.

ಜಾಲತಾಣದಲ್ಲಿ ಹಾಕುವ ಪೋಸ್ಟಿಗೆ ಒಂದು ಚಿತ್ರ ಸಾಕಿತ್ತು, ಅದರ ಕೆಳಗಿನ ಬರಹಕ್ಕೇ ನಾನು ಹೆಚ್ಚು ತಿಣುಕಿದೆ. ಚಂದದ ಮಾತು ಬರೆದರೆ ಮನೆಗೆ ಕಾಲು ಕಿಲೋ ಬೇಕೆನ್ನುವವರೆಲ್ಲ ಮೆಸೇಜು ಹಾಕುತ್ತಾರೆ. ಸಗಟು ವ್ಯಾಪಾರಿಗೆ ಚಂದ ಬೇಡ, ವಿವರ ಬೇಕು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

“ಸಗಟು ಖರೀದಿದಾರರಿಗೆ ಮಾತ್ರ. ಬಿಸಿಲಿನಲ್ಲಿ ಒಣಗಿಸಿದ ಕೆಂಪು ಮೆಣಸಿನಕಾಯಿ, ತೊಟ್ಟು ಸಹಿತ ಅಥವಾ ತೊಟ್ಟು ಬಿಡಿಸಿದ್ದು. ಇಪ್ಪತ್ತೈದು ಕಿಲೋ ಚೀಲ. ಕನಿಷ್ಠ ಆರ್ಡರ್ ಐದು ಟನ್. ಪರೀಕ್ಷಾ ವರದಿ ಲಭ್ಯ. ಬೇಕಾದ ಪ್ರಮಾಣ, ನಿಮ್ಮ ಬಂದರಿನ ಹೆಸರು ತಿಳಿಸಿ, ದರ ಕಳಿಸುತ್ತೇವೆ. ಸಂಪರ್ಕ:”

ಸಂಪರ್ಕದ ಮುಂದೆ ನನ್ನ ನಂಬರು ಹಾಕಿದ್ದೆ. ಅಣ್ಣ ಓದಿದ, ತಲೆದೂಗಿದ, ಕೊನೆಯ ಸಾಲಿಗೆ ಬಂದು ನಿಂತ.

“ಹೆಣ್ಮಗಳ ನಂಬರ್ ಹಿಂಗ ಊರ ಮುಂದ ಇಡೂದು ಚಲೋ ಕಾಣಸೂದಿಲ್ಲ. ನಂದು ಹಾಕು. ಯಾರರೆ ಕೇಳಿದ್ರ ನಿನಗ ಹೇಳ್ತೇನಿ.”

ಅಪ್ಪ ಹೂಂ ಎಂದರು. ನಾನೂ ಹೂಂ ಎಂದು ನಂಬರು ಬದಲಿಸಿದೆ. ಹೇಳುತ್ತೇನೆ ಎಂದಿದ್ದನಲ್ಲ.

ಅಣ್ಣ ಕೆಟ್ಟವನಲ್ಲ, ವ್ಯಾಪಾರವೂ ಬರುತ್ತದೆ. ಆದರೆ ಅವನ ವ್ಯಾಪಾರ ಗಾದಿಯ ಮೇಲಿನದು. ಗಿರಾಕಿ ಬರಬೇಕು, ರಾಶಿಗೆ ಕೈ ಹಾಕಬೇಕು, ಒಂದು ಕಾಯಿ ಮುರಿದು ಘಾಟು ನೋಡಬೇಕು, ಚಹಾ ಕುಡಿಯಬೇಕು; ಆಮೇಲೆ ದರ. ಮಾಲು ಮುಟ್ಟದವನಿಗೆ ದರ ಹೇಳುವುದೆಂದರೆ ನಮ್ಮ ಬಜಾರಿನಲ್ಲಿ ಮಾಲಿಗೇ ಅವಮಾನ. ನನ್ನ ಬರಹ ‘ದರ ಕಳಿಸುತ್ತೇವೆ’ ಎಂದಿತ್ತು. ಫೋನು ಮಾತ್ರ ದರ ಕಳಿಸದವನ ಕಿಸೆಯಲ್ಲಿತ್ತು.

ವಾರಗಳು ಕಳೆದವು. “ಯಾರರೆ ಕೇಳಿದ್ರೇನು?” ಎಂದಾಗೆಲ್ಲ “ಹಂಗs ಅವ್ರಿವ್ರು” ಎನ್ನುತ್ತಿದ್ದ. ನನ್ನ ಬರಹವೇ ಸರಿಯಿಲ್ಲವೇನೋ ಎಂದು ನಾನು ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನಾಗಿಯೇ ಬಾಯಿಬಿಟ್ಟ. ನಗುತ್ತಲೇ ಹೇಳಿದ.

“ದುಬೈದಾಂವ ಒಬ್ಬಾಂವ ಭಾಳ ಬೆನ್ನ ಹತ್ತಿದ್ದರೀ ಅಪ್ಪಾ. ತೊಟ್ಟು ಬಿಡಿಸಿದ್ದು ಒಂದು ಕಂಟೇನರ್ ಬೇಕಂತ. ದರ ಹೇಳ್ರಿ, ದರ ಹೇಳ್ರಿ, ಒಂದs ಸವನೆ. ಜೇವರ್ಗಿಗೆ ಬರ್ರಿ, ಮಾಲು ನೋಡ್ರಿ, ಚಾ ಕುಡೀರಿ, ಆಮ್ಯಾಲ ಮಾತಾಡೂಣು ಅಂದೆ.”

“ದುಬೈನಿಂದ?” ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

“ಮಾಲು ಬೇಕಾದಾಂವ ಬಂದs ಬರ್ತಾನ. ಊರಿಗೆ ಬಂದಾಕಿ ನೀರಿಗೆ ಬರದs ಇರ್ತಾಳೇನು?”

“ವರದಿ ಕಳಿಸಿದ್ಯಾ? ಸ್ಯಾಂಪಲ್?”

“ಅಂವಗ ಅದs ಬೇಕಿತ್ತು, ನಾ ಕಳಸಲಿಲ್ಲ. ಕಡೀಕ ಏನಂದ ಗೊತ್ತೇನು? ಈ ಪೋಸ್ಟ್ ಬರದವ್ರಿಗೆ ಫೋನ್ ಕೊಡ್ರಿ, ಅವ್ರಿಗೆ ಎಲ್ಲಾ ತಿಳೀತದ ಅಂದ.”

“ನೀ ಏನಂದಿ?”

“ಏನನ್ಲಿ? ತಂಗಿ ಬರದಾಳ ಅಂದ್ರ ನಮ್ಮ ಕಿಮ್ಮತ್ತೇನು ಉಳೀತದ? ಹೊರಗಿನವ್ರ ಕಡೆ ರೊಕ್ಕ ಕೊಟ್ಟು ಬರಸೇವಿ, ಅವ್ರಿಗೆ ಧಂದೇದು ಏನೂ ಗೊತ್ತಿಲ್ಲ ಅಂದೆ. ಆಮ್ಯಾಲ ಅಂವ ಫೋನs ಮಾಡ್ಲಿಲ್ಲ.”

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮಲ್ಲಿ ಮದ್ದು ಕೇಳಿಕೊಂಡು ಬಂದವನಿಗೆ ಹಿತ್ತಲೇ ಇಲ್ಲ ಎಂದು ಹೇಳಿ ಕಳಿಸಿದ್ದರು. ನಾನು ಅಪ್ಪನ ಮುಖ ನೋಡಿದೆ. ಒಂದು ಬೈಗುಳ ಬರಲಿ, ಅಣ್ಣನಿಗೆ ಒಂದೇ ಒಂದು. ಅಪ್ಪ ಬೇಳೆಯಲ್ಲಿ ರೊಟ್ಟಿ ಅದ್ದಿದರು.

“ಅಪ್ಪಾ, ಅದು ನನ್ನ ಆರ್ಡರ್ ಇತ್ತು,” ಎಂದೆ.

“ಬರ್ಲಿಲ್ಲಲ್ಲವ್ವಾ,” ಎಂದರು. ಅವರ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಿತು.

ಕೈ ತೊಳೆದು ಎದ್ದ ಮೇಲೆ ನನ್ನ ಪಕ್ಕ ಬಂದು ನಿಂತರು. ಸಮಾಧಾನ ಮಾಡಲು ಬಂದರು ಎಂದುಕೊಂಡೆ. ಪ್ರೀತಿಯಿಂದಲೇ ಹೇಳಿದರು, ಅದೇ ನನ್ನನ್ನು ಹೆಚ್ಚು ಸುಟ್ಟಿತು:

“ಇನ್ನೊಂದು ಬರಕೊಡವ್ವಾ. ಅಣ್ಣನ ನಂಬರs ಹಾಕು. ಆದ್ರ ಈ ಸಲ ಬರದವ್ರು ಯಾರು ಅಂತ ಕೇಳೂಹಂಗ ಅಷ್ಟು ಚಲೋ ಬರೀಬ್ಯಾಡ.”