ಆರು ತುಂಬದಿರಲಿ ಎಂದ ಸುಂದ್ರಮ್ಮ

ಚಾಮರಾಜನಗರದ ಮಕ್ಕಳ ಆಶ್ರಯ ಮನೆಯಲ್ಲಿ ಆಯಾ ಆಗಿರುವ ಹರದನಹಳ್ಳಿ ಸುಂದ್ರಮ್ಮನಿಗೆ ಹುಟ್ಟಿದಾಗಿನಿಂದ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಂದಿಲ್ಲ. ಅಂಥವಳು ಈ ಮೇ ತಿಂಗಳಲ್ಲಿ ಸರ್ಕಾರದ ಕಣ್ಣಿಗೇ ಮಣ್ಣೆರಚಲು ಹೊರಟಳು.

ಎಲ್ಲ ಕುಮಾರಿಯ ದೆಸೆಯಿಂದ. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಒಬ್ಬಳೇ ಕೂತು ಕಡ್ಲೆಪುರಿ ತಿನ್ನುತ್ತಿದ್ದ ಹುಡುಗಿ ಅವಳು. ಹೆಸರೊಂದು ಬಿಟ್ಟು ಬೇರೇನೂ ಗೊತ್ತಿಲ್ಲ. ಪೊಲೀಸರು ಹುಡುಕಿದರು, ಪೇಪರಿನಲ್ಲಿ ಫೋಟೊ ಹಾಕಿಸಿದರು, ಎರಡು ತಿಂಗಳಾದರೂ ಯಾರೂ ಬರಲಿಲ್ಲ. ಜನನ ಪತ್ರವಿಲ್ಲ, ಶಾಲೆಯ ದಾಖಲೆಯಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ಅವಳನ್ನು ಮುಂದೆ ನಿಲ್ಲಿಸಿಕೊಂಡು ನೋಡಿದಾಗ ಒಬ್ಬರು ನಾಲ್ಕು ಎಂದರು, ಇನ್ನೊಬ್ಬರು ಏಳು ಎಂದರು. ನೋಟಕ್ಕೆ ಬಗೆಹರಿಯದ್ದರಿಂದ ವೈದ್ಯರ ಪರೀಕ್ಷೆಗೆ ಆದೇಶವಾಯಿತು.

ಆ ಆಶ್ರಯ ಮನೆ ಆರರೊಳಗಿನವರಿಗೆ ಮಾತ್ರ. ಆರು ತುಂಬಿತೋ, ಮಗು ಮೈಸೂರಿನ ಬಾಲಮಂದಿರಕ್ಕೆ. ರಾತ್ರಿ ತನ್ನ ಸೆರಗು ಹಿಡಿದೇ ಮಲಗುವ ಕುಮಾರಿಯನ್ನು ಕಳಿಸಿಕೊಡುವುದು ಸುಂದ್ರಮ್ಮನ ಕೈಲಾಗದ ಮಾತು.

ಅವಳಿಗೆ ಗೊತ್ತಿದ್ದ ಪರೀಕ್ಷೆ ಒಂದೇ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಕಿ ಎಡಗಿವಿ ಮುಟ್ಟಿದರೆ ಆರು. ಹಳ್ಳಿಯ ಮೇಷ್ಟ್ರು ಅವಳನ್ನು ಶಾಲೆಗೆ ಸೇರಿಸಿಕೊಂಡದ್ದೂ ಹಾಗೆಯೇ. ಅದಕ್ಕೇ ಒಂದು ವಾರ ತರಬೇತಿ ಕೊಟ್ಟಳು.

"ಕೈ ನೆತ್ತಿ ಮ್ಯಾಲೇ ನಿಲ್ಸಬೇಕು ಕಣಮ್ಮಿ. ಕಿವಿ ಮುಟ್ಟಬ್ಯಾಡ."

"ಮುಟ್ಟೋಯ್ತದೆ ಕಣಜ್ಜಿ," ಎಂದು ಕುಮಾರಿ ಸಲೀಸಾಗಿ ಕಿವಿ ಹಿಂಡಿಕೊಂಡು ತೋರಿಸುತ್ತಿದ್ದಳು.

ಊಟ ಕಡಿಮೆ ಮಾಡಿದರೆ ಸಣ್ಣಗೆ ಕಂಡಾಳು ಎಂದೂ ಲೆಕ್ಕ ಹಾಕಿದಳು. ಕುಮಾರಿ ತಟ್ಟೆ ಚಾಚಿದ ಕೂಡಲೇ ಕೈ ತಾನಾಗಿ ಎರಡನೇ ಮುದ್ದೆ ಹಾಕಿಬಿಟ್ಟಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಕಾವ್ಯಶ್ರೀ ಕಿವಿಯ ತಂಟೆಗೇ ಹೋಗಲಿಲ್ಲ. ಎತ್ತರ, ತೂಕ ಬರೆದುಕೊಂಡರು. ಮೂಳೆ ಎಷ್ಟು ಬಲಿತಿದೆ ಎಂದು ನೋಡಲು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಆಮೇಲೆ "ಆ ಅನ್ನು" ಎಂದು ಬಾಯೊಳಗೆ ಟಾರ್ಚ್ ಬಿಟ್ಟರು. ಹಾಲುಹಲ್ಲು ಇಪ್ಪತ್ತೂ ಇದ್ದವು. ಅವುಗಳ ಹಿಂದೆ, ಕೆಳದವಡೆಯಲ್ಲಿ, ಹೊಸದೊಂದು ಬೆಳ್ಳಗೆ ಇಣುಕುತ್ತಿತ್ತು.

"ದವಡೆಹಲ್ಲು ಹುಟ್ತಾ ಇದೆ. ಸಾಮಾನ್ಯವಾಗಿ ಆರರ ಹೊತ್ತಿಗೆ ಬರೋದು," ಎಂದರು ಡಾಕ್ಟರ್.

ಸುಂದ್ರಮ್ಮ ನಡುವೆ ಬಾಯಿ ಹಾಕಿದಳು. "ಅದು ಹಲ್ಲಲ್ಲ ಡಾಕ್ಟ್ರವ್ವ, ಕೊಬ್ಬರಿ ಚೂರು! ಬೆಳಗ್ಗೆ ತಿಂದದ್ದು ಸಿಕ್ಕಾಕ್ಕೊಂಡದೆ."

ಡಾಕ್ಟರ್ ಬೆರಳಿಟ್ಟು ಒತ್ತಿ ನೋಡಿದರು. ಕೊಬ್ಬರಿ ಅಲ್ಲಾಡಲಿಲ್ಲ. ಕುಮಾರಿ ಬೆರಳು ಕಚ್ಚಿದಳು. ಡಾಕ್ಟರ್ ಕೈ ಒದರಿಕೊಳ್ಳುತ್ತಿರುವಾಗಲೇ ಬೇಸರದಿಂದ ಕೇಳಿದಳು: "ಕಿವಿ ಮುಟ್ಟು ಅನ್ನಲ್ವಾ? ಅಜ್ಜಿ ಮುಟ್ಟಬ್ಯಾಡ ಅಂತ ಯೋಳ್ಕೊಟ್ಟವ್ರೆ."

ಸುಂದ್ರಮ್ಮ ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತ ನಿಂತಳು.

ವರದಿ ಬಂತು: ಐದೂವರೆಯಿಂದ ಆರೂವರೆಯೊಳಗೆ. ಮೂಳೆಯಾಗಲಿ ಹಲ್ಲಾಗಲಿ ತಾರೀಖು ಹೇಳುವುದಿಲ್ಲ. ಅದನ್ನು ಸಮಿತಿಯೇ ಗೊತ್ತುಮಾಡಬೇಕು. ಮೇ ಇಪ್ಪತ್ತಾರರಂದು ಕುಮಾರಿ, ಸುಂದ್ರಮ್ಮ ಇಬ್ಬರನ್ನೂ ಕರೆಸಿಕೊಂಡು ಸಮಿತಿ ಕೂತಿತು. ಅಧ್ಯಕ್ಷ ಶಿವಶಂಕರ ಕನ್ನಡಕ ಏರಿಸಿ, "ಅನುಮಾನ ಇದ್ದಾಗ ಕಡಿಮೆ ಕಡೆಗೆ ಹೋಗೋದು ವಾಡಿಕೆ. ಐದೂವರೆ ಅಂತ ಬರೆಯೋಣ," ಎಂದರು.

ಸುಂದ್ರಮ್ಮನಿಗೆ ಕುಣಿದುಬಿಡಬೇಕು ಎನ್ನಿಸಿತು. ಇನ್ನೂ ಆರು ತಿಂಗಳು ಕುಮಾರಿ ತನ್ನವಳೇ!

ಅಷ್ಟರಲ್ಲಿ ಗುಮಾಸ್ತ ಸಾಗರ್, "ಸಾರ್, ಒಂದನೇ ಕ್ಲಾಸಿಗೆ ಜೂನ್ ಒಂದಕ್ಕೆ ಆರು ತುಂಬಿರಬೇಕು. ಹಿಂಗೆ ಬರೆದ್ರೆ ಈ ವರ್ಷ ಸ್ಕೂಲಿಲ್ಲ," ಎಂದ.

ಕುಮಾರಿಯ ಮುಖ ಸಣ್ಣಗಾಯಿತು. ದಿನಾ ಬೆಳಗ್ಗೆ ಗೇಟಿಗೆ ಜೋತುಬಿದ್ದು ಯೂನಿಫಾರಂ ಮಕ್ಕಳನ್ನು ನೋಡುತ್ತಿದ್ದವಳು ಅವಳು. "ಇಸ್ಕೂಲು ಇಲ್ವಾ ಅಜ್ಜಿ?" ಎಂದವಳು ಹಟ ಮಾಡಲಿಲ್ಲ, ಕಚ್ಚಲಿಲ್ಲ. ಸುಮ್ಮನೆ ಅತ್ತಳು.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಸುಂದ್ರಮ್ಮ, ದಿನಾ ನೋಡೋರು ನೀವು. ನೀವೇನಂತೀರಿ?"

ಐದೂವರೆಗೆ ಹೂಂ ಎಂದರೆ ಮಗು ತನ್ನ ಬಳಿಯೇ ಉಳಿಯುತ್ತದೆ. ಸುಂದ್ರಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಕೊಬ್ಬರಿ ಅಲ್ಲ ಸಾ ಅದು, ಹಲ್ಲೇಯ. ಇನ್ನೊಂದು ಕಡೀಕೂ ಮೊನ್ನೆ ಮೊಳೀತು, ನಾನು ಬಾಯ್ಬುಡ್ಲಿಲ್ಲ. ನೂರ್ ತಂಕ ಎಣಿಸ್ತಾಳೆ. ಕುಮಾರಿ, ಕಿವಿ ಮುಟ್ಟಮ್ಮಿ."

ಕುಮಾರಿ ಅಳುತ್ತಲೇ ಮುಟ್ಟಿದಳು.

ಸಮಿತಿಯವರು ಕಿವಿಯನ್ನು ಬರೆದುಕೊಳ್ಳಲಿಲ್ಲ. ಹಲ್ಲು, ವೈದ್ಯರ ವರದಿ, ಮಗುವಿನ ಹಿತ ಎಂದು ಕಾರಣ ಕೊಟ್ಟು ಆರು ವರ್ಷ ಎಂದು ತೀರ್ಮಾನಿಸಿದರು. ಆದೇಶದ ದಿನದಿಂದ ಆರು ವರ್ಷ ಹಿಂದಕ್ಕೆ ಎಣಿಸಿ, ಹುಟ್ಟಿದ ದಿನ ಮೇ ಇಪ್ಪತ್ತಾರು ಎಂದರು. ಹುಟ್ಟಿದ ಊರು, ಆಶ್ರಯ ಮನೆ ಇರುವ ಚಾಮರಾಜನಗರ. ಇನ್ನು ಕುಮಾರಿಯ ಜನನ ಪತ್ರದಲ್ಲಿ ಇದೇ ಇರುತ್ತದೆ. ಮುಂದಿನ ವಾರ ಮೈಸೂರು, ಅಲ್ಲೇ ಒಂದನೇ ಕ್ಲಾಸು.

ಹೊರಗೆ ಬಂದಾಗ ಕುಮಾರಿ ಮೂಗು ಒರೆಸಿಕೊಂಡು ಯೋಚಿಸುತ್ತಿದ್ದಳು.

"ಅಜ್ಜಿ, ನಾನು ಉಟ್ಟಿದ್ದು ಇವತ್ತಾ? ಇದೇ ಊರಲ್ಲೇನಾ?"

"ಊಂ ಕಣವ್ವ."

"ನಾನು ಉಟ್ಟಾಗ ನೀನಿದ್ದ್ಯಾ?"

ಸುಂದ್ರಮ್ಮ ಅವಳ ಕೈ ಬಿಗಿಯಾಗಿ ಹಿಡಿದುಕೊಂಡಳು. "ಇದ್ದೆ ಕಣವ್ವ. ನಿನ್ ಪಕ್ಕದಲ್ಲೇ ನಿಂತಿದ್ದೆ."