ಗುರುವಾರದ ಹನ್ನೊಂದು ಗಂಟೆ ಎಲ್ಲಿಗೆ ಹೋಯಿತು

ನನ್ನ ಸೊಸೆ ಬಳ್ಳಾರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಬ್ಲೌಸುಗಳಿಗೆ ಮಗ್ಗಂ ವರ್ಕ್ ಮಾಡುತ್ತಾಳೆ. ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸೂಜಿಯಿಂದ ಮಣಿ ಕೂಡಿಸುವ ಕೆಲಸ. ಫೋನು ಬಂತೆಂದು ನಡುವೆ ಎದ್ದರೆ ಸಾಲು ಸೊಟ್ಟಗಾಗುತ್ತದೆ. ಅದಕ್ಕೆ ಬೋರ್ಡಿನ ಮೇಲೆ ನನ್ನ ನಂಬರು ಬರೆಸಿದಳು. ನಾನು ಓದಿದ್ದು ಎರಡನೇ ಕ್ಲಾಸು. ಬಾಯಿ ಮಾತ್ರ ಚೆನ್ನಾಗಿದೆ.

ಮೊದಲು ನಾನು ಬಾಯಲ್ಲೇ ಟೈಮು ಕೊಡುತ್ತಿದ್ದೆ. ಒಮ್ಮೆ ಒಂದೇ ಹೊತ್ತಿಗೆ ಇಬ್ಬರು ಮದುಮಗಳಂದಿರನ್ನು ಕರೆಸಿಬಿಟ್ಟೆ. ಅವರ ತಾಯಂದಿರು ನಮ್ಮ ಅಂಗಳದಲ್ಲೇ ಜಗಳಕ್ಕೆ ನಿಂತರು. ಆಮೇಲೆ ಸೊಸೆ ಫೋನಿನಲ್ಲಿ ಒಂದು ಲಿಂಕು ಮಾಡಿದಳು. ದಿನಕ್ಕೆ ಎರಡೇ ಹೊತ್ತು. ಬೇಕಾದವರು ತಾವೇ ಆರಿಸಿಕೊಳ್ಳಬೇಕು. ನಾನು ಕಳಿಸಬೇಕು, ತಿಳಿಸಿ ಹೇಳಬೇಕು, ಅಷ್ಟೇ.

ಒಂದು ಮಂಗಳವಾರ ಸಂಜೆ ಸಿರುಗುಪ್ಪದಿಂದ ಒಬ್ಬಾಕೆ ಫೋನು ಮಾಡಿದಳು. ಪರಿಚಯವಿಲ್ಲದವಳು. ಕುರುಗೋಡಿನ ಅವಳ ನಾದಿನಿ ನಮ್ಮ ನಂಬರು ಕೊಟ್ಟಿದ್ದಳಂತೆ.

"ಅಮ್ಮಾರ, ಬ್ಯಾರೆ ಕಡಿ ಹೊಲಿಸಿದ ಬ್ಲೌಸು ನನ್ನ ಮಗಳ ತೋಳಿಗೆ ಏರವಲ್ದು. ಮಣಿ ಉದುರದಂಗ ಬಿಚ್ಚಿ ಸಡಲ ಮಾಡ್ಬೇಕ್ರಿ. ಶುಕ್ರವಾರ ಅರಿಶಿಣ. ಅರಿಶಿಣ ಹಚ್ಚಿದ ಮ್ಯಾಲೆ ಹುಡುಗಿ ಹೊಸ್ತಿಲ ದಾಟಂಗಿಲ್ಲ. ನಾಳೆ ಅಕಿ ಆಫೀಸಿನ್ಯಾಗ ರಜಾ ಕೊಡಂಗಿಲ್ಲ. ಗುರುವಾರ ಒಂದ ದಿನ ಐತಿ ನೋಡ್ರಿ."

"ಬಾಯಿಲೆ ಹೇಳಿದ್ರ ನಡಿಯಂಗಿಲ್ಲವ್ವಾ. ಲಿಂಕ್ ಕಳಸ್ತೀನಿ, ಫೋನ್ ಇಡಬ್ಯಾಡ."

ಹಳೆಯ ಮೆಸೇಜಿನ ಮೇಲೆ ಬೆರಳಿಟ್ಟು ಒತ್ತಿ ಹಿಡಿದು, ಅವಳ ನಂಬರಿಗೆ ದಾಟಿಸಿದೆ. ನನಗೆ ರೊಟ್ಟಿ ಬಡಿಯುವುದನ್ನಾದರೂ ಬಾಯಲ್ಲಿ ಕಲಿಸಿ ಗೊತ್ತಿಲ್ಲ. ನನ್ನ ಕೈ ಹಿಟ್ಟಿನಲ್ಲಿರಬೇಕು. ಹೊರಗೆ ಜಗುಲಿಯ ಚಾಪೆಯ ಮೇಲೆ ಕೂತು, ಸ್ಪೀಕರ್ ಹಾಕಿ, ನನ್ನ ಫೋನಿನಲ್ಲೂ ಅದೇ ಲಿಂಕು ತೆರೆದೆ.

"ತಿಂಗಳ ತಾರೀಕು ಕಾಣ್ತಾವಲ್ಲ? ಬಣ್ಣ ಇದ್ದವು ಖಾಲಿ. ಮಬ್ಬ ಆದವು ಇಲ್ಲ. ಗುರುವಾರ ಒತ್ತು."

"ಒತ್ತಿದ್ನಿ. ಹನ್ನೊಂದು ಅಂತ ಒಂದ ಐತ್ರಿ. ಇನ್ನೊಂದು?"

"ಯಾರೋ ಹಿಡದಾರ. ಹಿಡದದ್ದು ಕಾಣಂಗಿಲ್ಲ."

"ಯಾರ್ರಿ?"

"ಅದು ಹೇಳಂಗಿಲ್ಲ. ನಿಂಗ್ಯಾಕ? ಹನ್ನೊಂದು ಒತ್ತು. ಹೆಸರು, ಮೇಲ್ ಕೇಳ್ತದ."

"ತಡೀರಿ, ನನಗ ಮೇಲ್ ಇಲ್ಲ. ಮಗಳದು ಕೇಳ್ತೀನಿ."

ಅವಳು ಮಗಳನ್ನು ಕೂಗಿದಳು. ಅವಳಿಗೆ ಹೇಳುತ್ತಾ ಹೇಳುತ್ತಾ ನಾನೂ ಗುರುವಾರ, ಹನ್ನೊಂದು ಒತ್ತಿದ್ದೆ. ನನ್ನ ಫೋನಿನಲ್ಲಿ ನನ್ನ ಹೆಸರು, ಸೊಸೆ ಮಾಡಿಕೊಟ್ಟ ಮೇಲು ತಾವಾಗಿಯೇ ತುಂಬಿ ಕೂತಿದ್ದವು. ಕೆಳಗೆ ಒಂದು ನೀಲಿ ಬಟನು. ಅದನ್ನು ಒತ್ತಿದರೆ ಏನಾಗುತ್ತದೆ? ಇಷ್ಟು ಜನಕ್ಕೆ ಒತ್ತಿರಿ ಎಂದು ಹೇಳಿದ್ದೆ, ನಾನೇ ಒಮ್ಮೆಯೂ ನೋಡಿರಲಿಲ್ಲ. ಒತ್ತಿದೆ. ಹಸಿರು ಗುರುತು ಬಂತು. ಖುಷಿಯಾಯಿತು.

ಅತ್ತ ಅವಳು ಅಂದಳು: "ಬರದ್ನಿ, ಒತ್ತಿದ್ನಿ. ಈ ಹೊತ್ತು ಈಗ ಇಲ್ಲ ಅಂತದ್ರಿ! ವಾಪಸ್ ಬಂದು ನೋಡಿದ್ರ ಗುರುವಾರನ ಮಬ್ಬ ಆಗೇತಿ!"

"ಈಗ ಇತ್ತಲ್ಲ?"

"ಇತ್ತು. ಯಾರೋ ಕಸಗೊಂಡ್ರು. ನನ್ನ ಮಗಳ ಗತಿ ಏನ್ರಿ?"

ಒಳಗೆ ಸೊಸೆಯ ಫೋನು ಟಿಂಗ್ ಎಂದಿತ್ತು. ಅವಳು ಮಗ್ಗದಿಂದ ತಲೆ ಎತ್ತದೆ, ಪಕ್ಕದಲ್ಲಿದ್ದ ಫೋನು ನೋಡಿ ಕೂಗಿದಳು:

"ಅತ್ತೀ! ಗುರುವಾರ ಹನ್ನೊಂದಕ್ಕ ನೀವು ಬರಾಕತ್ತೀರಂತ. ಯಾರ ಮದುವಿಗೆ? ನಿಮ್ಮದೇನು?"

ನನಗೆ ಆಗ ಗೊತ್ತಾಯಿತು, ಕಸಿದುಕೊಂಡವಳು ಯಾರು ಅಂತ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಾನ ಹಿಡದೀನವ್ವಾ," ಅಂದೆ ಫೋನಿಗೆ. "ನಿನಗ ತೋರಸಾಕ ಹೋಗಿ."

ಅತ್ತಲಿಂದ ಅವಳು, "ಅಮ್ಮಾರ, ನಿಮಗ ಯಾತಕ ಬೇಕ್ರಿ ಈ ವಯಸ್ಸಿನ್ಯಾಗ ಬ್ಲೌಸು?" ಅಂದಳು.

"ಬಿಡಿಸೋದು ಹೆಂಗ?" ಎಂದು ಸೊಸೆಯನ್ನು ಕೇಳಿದೆ.

"ನಿಮ್ಮ ಮೇಲ್‌ಗೆ ಬಂದಿರ್ತದ, ತೆಗೀರಿ. ಅದರಾಗ ರದ್ದು ಅಂತ ಐತಿ. ಲಗೂನ ಮಾಡ್ರಿ, ಖಾಲಿ ಆದ್ರ ಇನ್ಯಾರಾದ್ರೂ ಹಿಡೀತಾರ."

ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ರದ್ದು' ಸಿಕ್ಕಿತು, ಒತ್ತಿದೆ. ಖಂಡಿತವಾಗಿಯೂ ಬೇಡವೇ ಎಂದು ಅದು ಮತ್ತೆ ಕೇಳಿತು. ಬೇಡ ಎಂದೆ.

"ಈಗ ಪೇಜು ಹೊಸದಾಗಿ ತೆರಿ ತಂಗೀ. ನಾನು ಮುಟ್ಟಂಗಿಲ್ಲ."

ಫೋನನ್ನು ಚಾಪೆಯ ಮೇಲಿಟ್ಟು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡೆ. ಅವಳು ಮಗಳಿಗೆ ಹೇಳುತ್ತಿದ್ದದ್ದು ಕೇಳುತ್ತಿತ್ತು: "ಬಣ್ಣ ಬಂತಲೇ! ಹನ್ನೊಂದು ಐತಿ! ಲಗೂನ ಬರಿ." ನನಗೆ ಮಾತ್ರ ಒಂದೇ ಯೋಚನೆ. ನಾನು ಹಿಡಿದಿದ್ದ ಆ ಹೊತ್ತು ಈ ನಾಲ್ಕು ನಿಮಿಷ ಎಲ್ಲಿತ್ತು? ನನ್ನ ಫೋನಿನಲ್ಲೋ, ಸೊಸೆಯದರಲ್ಲೋ?

ಒಳಗೆ ಟಿಂಗ್ ಎಂದಿತು. ಸೊಸೆ ಹುಡುಗಿಯ ಹೆಸರು ಓದಿ, "ಇದು ಖರೇ ಮದುಮಗಳು," ಅಂದಳು.

ಗುರುವಾರ ಹತ್ತೂವರೆಗೇ ತಾಯಿ ಮಗಳು ಬಸ್ಸಿಳಿದು ಬಂದರು. ಸೊಸೆ ಬ್ಲೌಸಿನ ಬಗಲು ಬಿಚ್ಚಿ, ಒಳಗಿದ್ದ ಮಡಿಕೆ ಸಡಿಲಿಸಿ, ಹಾಕಿಸಿ ನೋಡಿದಳು. ಒಂದು ಮಣಿಯೂ ಉದುರಲಿಲ್ಲ. ಹುಡುಗಿ ಕೈ ಮೇಲೆತ್ತಿ ಇಳಿಸಿ ನೋಡಿಕೊಂಡಳು. ತಾಯಿ ಮಾತ್ರ ಹೊರಡುವ ತನಕ ನನ್ನ ಫೋನಿನ ಮೇಲೇ ಕಣ್ಣಿಟ್ಟಿದ್ದಳು.